ಹಿಂದಿನ ತಾರೀಖಿನ ಸಾವುಗಳು

ಊರಿನ ಸಿರಿವಂತ ದಂಪತಿಗಳಲ್ಲಿ ಒಂದು ವಿನಂತಿ. ಮಗನನ್ನು ಕರೆದುಕೊಂಡು ಸೆಕೆಂಡ್ ಶೋಗೆ ಹೋಗಬೇಡಿ. ಹೋಗಲೇಬೇಕೆಂದರೆ ಕುತ್ತಿಗೆಯ ಸರವನ್ನು ಮನೆಯ ಬೀರುವಿನಲ್ಲಿಟ್ಟು ಹೋಗಿ. ಆಟ ಬಿಟ್ಟ ಮೇಲೆ ದೀಪವಿರುವ ಬೀದಿಯಲ್ಲೇ ನಡೆಯಿರಿ, ಹತ್ತಿರವಾಗುತ್ತದೆ ಎಂದು ಗಲ್ಲಿ ಹಿಡಿಯಬೇಡಿ. ಇಷ್ಟು ಎಚ್ಚರ ವಹಿಸಿದರೆ ನಿಮ್ಮ ಹುಡುಗ ದೊಡ್ಡವನಾಗಿ ಕಂಪನಿ ನೋಡಿಕೊಂಡು, ಮದುವೆಯಾಗಿ, ಸ್ವಲ್ಪ ಬೊಜ್ಜು ಬೆಳೆಸಿಕೊಂಡು ನೆಮ್ಮದಿಯಾಗಿರುತ್ತಾನೆ. ಎಚ್ಚರ ತಪ್ಪಿದಿರೋ, ಬಾವಲಿಯ ವೇಷ ತೊಟ್ಟು ರಾತ್ರಿಯೆಲ್ಲ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತಾನೆ. ಆಗ ಬೈಯೋಣವೆಂದರೆ ನೀವು ಇರುವುದಿಲ್ಲ.

ನೀವು ಇರಬಾರದು ಎನ್ನುವುದೇ ಇಲ್ಲಿಯ ಮುಖ್ಯ ಏರ್ಪಾಡು. ಸೂಪರ್‌ಹೀರೋ ಕಥೆಗಳಲ್ಲಿ ಅಪ್ಪ ಅಮ್ಮಂದಿರು ಸಾಯುವುದು ಕ್ರೌರ್ಯದಿಂದಲ್ಲ, ಅನುಕೂಲಕ್ಕಾಗಿ. ಬ್ಯಾಟ್‌ಮ್ಯಾನ್‌ನ ತಾಯಿ ಮಾರ್ಥಾ ವೇಯ್ನ್ ಬದುಕಿದ್ದರೆ ಆ ಕಥೆ ಮೊದಲ ಪುಟ ದಾಟುತ್ತಿತ್ತೇ? ರಾತ್ರಿ ಹನ್ನೊಂದಕ್ಕೆ ಹೊರಟು ನಿಂತ ಮಗನಿಗೆ "ಊಟ ಮಾಡ್ಕೊಂಡು ಹೋಗೋ" ಎನ್ನುತ್ತಾಳೆ. "ಮಂಜು ಬೀಳ್ತಿದೆ, ಕಿವಿಗೆ ಏನಾದ್ರೂ ಕಟ್ಕೋ" ಎನ್ನುತ್ತಾಳೆ. ಕಟ್ಟಿಕೊಂಡಿದ್ದಾನೆ, ಮೇಲೆ ಎರಡು ಕೋಡೂ ಇವೆ, ಆದರೂ ಅಮ್ಮನಿಗೆ ಸಮಾಧಾನವಿಲ್ಲ. ಅಷ್ಟರಲ್ಲಿ ಬ್ಯಾಂಕು ದೋಚಿದವರು ರಾಜ್ಯದ ಗಡಿ ದಾಟಿರುತ್ತಾರೆ. 1939ರಲ್ಲಿ ಹತ್ತು ಸೆಂಟಿನ ಕಾಮಿಕ್ಸ್ ಪುಸ್ತಕ ಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಮಕ್ಕಳು. ಅಪ್ಪ ಅಮ್ಮ ಇಲ್ಲವಾಗಿಬಿಟ್ಟರೆ ಎಂಬುದು ಆ ವಯಸ್ಸಿನ ಅತಿ ದೊಡ್ಡ ಭಯ. ಅವರು ಒಂದು ರಾತ್ರಿಯ ಮಟ್ಟಿಗಾದರೂ ಇಲ್ಲದಿದ್ದರೆ ಎಂಬುದು ಅದೇ ವಯಸ್ಸಿನ ಅತಿ ದೊಡ್ಡ ಆಸೆ. ಎರಡನ್ನೂ ಒಂದೇ ಗುಂಡಿನಲ್ಲಿ ಹೊಡೆದು ಕೊಟ್ಟರೆ ಹತ್ತು ಸೆಂಟು ದುಬಾರಿಯೇನಲ್ಲ.

ಆದರೆ ಅಭಿಮಾನಿಗಳ ಮುಂದೆ ಅನುಕೂಲದ ಮಾತೆತ್ತುವಂತಿಲ್ಲ. ಅವರ ಪ್ರಕಾರ ನಾಯಕ ಮುಂದೆ ಮಾಡುವುದೆಲ್ಲ ಆ ಮೊದಲ ದುಃಖದಿಂದಲೇ ಹುಟ್ಟುತ್ತದೆ. ಬ್ಯಾಟ್‌ಮ್ಯಾನ್ ಬಂದೂಕು ಮುಟ್ಟುವುದಿಲ್ಲ, ಏಕೆಂದರೆ ಬಂದೂಕು ಅವನ ತಂದೆತಾಯಿಯನ್ನು ಕೊಂದಿತು. ಅವನು ಯಾರನ್ನೂ ಕೊಲ್ಲುವುದಿಲ್ಲ, ಏಕೆಂದರೆ ಕೊಲೆಯನ್ನು ಕಣ್ಣಾರೆ ಕಂಡಿದ್ದಾನೆ. ಎಷ್ಟು ಚೆನ್ನಾಗಿ ಕೂಡುತ್ತದೆ! ಲೆಕ್ಕ ಇಷ್ಟು ಚೆನ್ನಾಗಿ ಕೂಡಿದಾಗ ಹಳೆಯ ಆಡಿಟರ್ ಒಬ್ಬ ಏನು ಮಾಡುತ್ತಾನೋ ನಾವೂ ಅದನ್ನೇ ಮಾಡಬೇಕು. ಖರ್ಚು ಮೊದಲೇ ಆಗಿ, ವೋಚರನ್ನು ಆಮೇಲೆ ಬರೆದು, ಹಿಂದಿನ ತಾರೀಖು ಹಾಕಿದ್ದಾರೆಯೇ ಎಂದು ನೋಡಬೇಕು.

ನೋಡೋಣ. ಬ್ಯಾಟ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್‌ನಲ್ಲಿ, ಅದರ 27ನೇ ಸಂಚಿಕೆಯಲ್ಲಿ. ಆ ಕಥೆಯಲ್ಲಿ ಅವನಿಗೆ ಯಾವ ದುಃಖವೂ ಇಲ್ಲ. ಬ್ರೂಸ್ ವೇಯ್ನ್ ಎಂಬ ಶ್ರೀಮಂತ ಯುವಕ ಕಮಿಷನರ್ ಗೋರ್ಡನ್ ಜೊತೆ ಹರಟುತ್ತ ಪೈಪು ಸೇದುತ್ತಾನೆ, ಆಮೇಲೆ ವೇಷ ತೊಟ್ಟು ಹೋಗಿ ಕೇಡಿಗನಿಗೊಂದು ಗುದ್ದು ಕೊಡುತ್ತಾನೆ. ಗುದ್ದು ತಿಂದವನು ಆಸಿಡ್ ತೊಟ್ಟಿಗೆ ಬಿದ್ದು ಸಾಯುತ್ತಾನೆ. ನಮ್ಮ ನಾಯಕ ಇಂಥವರಿಗೆ ಇದೇ ತಕ್ಕ ಗತಿ ಎಂಬ ಧಾಟಿಯ ಮಾತೊಂದನ್ನು ಆಡಿ ಹೊರಡುತ್ತಾನೆ. ಈ ಮನುಷ್ಯ ಬಾವಲಿಯ ವೇಷ ಯಾಕೆ ಹಾಕಿದ ಎಂದು ಆರು ತಿಂಗಳು ಓದುಗರಿಗೆ ಯಾರೂ ಹೇಳಲಿಲ್ಲ. ಪುಸ್ತಕ ಮಾತ್ರ ಮಾರಾಟವಾಗುತ್ತಲೇ ಇತ್ತು.

ಕಾರಣ ಬಂದದ್ದು ನವೆಂಬರ್‌ನಲ್ಲಿ, 33ನೇ ಸಂಚಿಕೆಯಲ್ಲಿ, ಎರಡೇ ಪುಟದಲ್ಲಿ. ಸಿನಿಮಾ ಮುಗಿಸಿ ನಡೆದು ಬರುತ್ತಿರುವ ಗಂಡ, ಹೆಂಡತಿ, ಮಗ. ಬಂದೂಕು ಹಿಡಿದ ಒಬ್ಬ ದರೋಡೆಕೋರ. ಅವನ ಕಣ್ಣು ಹೆಂಗಸಿನ ಕುತ್ತಿಗೆಯ ಸರದ ಮೇಲೆ. ಗಂಡ ಅಡ್ಡ ಬಂದಾಗ ಒಂದು ಗುಂಡು, ಹೆಂಡತಿ ಕೂಗಿಕೊಂಡಾಗ ಇನ್ನೊಂದು. ಕೆಲವು ದಿನಗಳ ಮೇಲೆ ಹುಡುಗ ಮೇಣದ ಬತ್ತಿಯ ಬೆಳಕಿನಲ್ಲಿ ಕೂತು ಪ್ರತಿಜ್ಞೆ ಮಾಡುತ್ತಾನೆ. ಮುಂದಿನ ಚೌಕಟ್ಟಿನಲ್ಲಿ ಬೆಳೆದು ವಿಜ್ಞಾನಿಯಾಗಿರುತ್ತಾನೆ, ಅದರ ಮುಂದಿನದರಲ್ಲಿ ಕಬ್ಬಿಣದ ತೂಕ ಎತ್ತುತ್ತಿರುತ್ತಾನೆ. ಕಿಟಕಿಯಲ್ಲಿ ಒಂದು ಬಾವಲಿ ಹಾರಿ ಬರುತ್ತದೆ, ಶಕುನವಾಯಿತು, ಕೆಲಸ ಮುಗಿಯಿತು. ನಮ್ಮಲ್ಲಿ ತಂದೆ ತಾಯಿ ತೀರಿಕೊಂಡರೆ ಖಾತೆ ಬದಲಾವಣೆಗೆ ಇದಕ್ಕಿಂತ ಹೆಚ್ಚು ಕಾಗದ ಬೇಕಾಗುತ್ತದೆ.

ಆ ಪ್ರತಿಜ್ಞೆಯನ್ನು ಸ್ವಲ್ಪ ಗಮನಿಸಿ. ನನ್ನ ಅಪ್ಪ ಅಮ್ಮನನ್ನು ಕೊಂದವನನ್ನು ಹಿಡಿಯುತ್ತೇನೆ ಎಂದು ಹುಡುಗ ಹೇಳುವುದಿಲ್ಲ. ಎಲ್ಲ ಅಪರಾಧಿಗಳ ಮೇಲೂ ಯುದ್ಧ ಹೂಡುತ್ತೇನೆ, ಬಾಳಿಡೀ, ಎನ್ನುತ್ತಾನೆ. ಇದನ್ನು ಕೇಳಿದರೆ ನಮ್ಮ ಜನಮೇಜಯ ತಲೆದೂಗುತ್ತಿದ್ದ. ಅವನ ಅಪ್ಪ ಪರೀಕ್ಷಿತನನ್ನು ಕಚ್ಚಿದ್ದು ತಕ್ಷಕ ಎಂಬ ಒಂದು ಹಾವು. ಮಗ ಯಾಗ ಹೂಡಿದ್ದು ಜಗತ್ತಿನ ಎಲ್ಲ ಹಾವುಗಳ ಮೇಲೆ. ಕುಂಡಕ್ಕೆ ಬಿದ್ದವು ಎಲ್ಲಿಯೋ ತಮ್ಮ ಪಾಡಿಗೆ ಮಲಗಿದ್ದ ಹಾವುಗಳು. ಆಸ್ತೀಕ ಬಂದು ಯಾಗ ನಿಲ್ಲಿಸಿದ, ತಕ್ಷಕ ಉಳಿದುಕೊಂಡ. ಬ್ಯಾಟ್‌ಮ್ಯಾನ್ ಕಥೆಯಲ್ಲೂ ಒಂಬತ್ತು ವರ್ಷ ಗಾಥಮ್‌ನ ಸಣ್ಣಪುಟ್ಟ ಜೇಬುಗಳ್ಳರೆಲ್ಲ ಹಲ್ಲು ಉದುರಿಸಿಕೊಂಡರು. ಗಲ್ಲಿಯ ಆ ಮನುಷ್ಯನಿಗೆ ಮಾತ್ರ ಒಂದು ಹೆಸರೂ ಇರಲಿಲ್ಲ. ವ್ಯತ್ಯಾಸ ಇಷ್ಟೇ, ಮಾಸಿಕ ಪತ್ರಿಕೆಯ ಯಾಗ ನಿಲ್ಲಿಸಲು ಆಸ್ತೀಕ ಬರುವುದಿಲ್ಲ. ಒಬ್ಬನ ಮೇಲಿನ ಸೇಡು ಒಂದು ಸಂಚಿಕೆಗೆ ಸಾಕು. ಎಲ್ಲರ ಮೇಲಿನ ಸೇಡು ಎಂಬತ್ತೈದು ವರ್ಷ ದಾಟಿದರೂ ಮುಗಿದಿಲ್ಲ.

ಈಗ ಬಂದೂಕಿನ ವಿಷಯ. 1940ರ ವಸಂತದಲ್ಲಿ ಬ್ಯಾಟ್‌ಮ್ಯಾನ್‌ಗೆ ಸ್ವಂತ ಪತ್ರಿಕೆಯಾಯಿತು. ಅದರ ಮೊದಲ ಸಂಚಿಕೆಯಲ್ಲಿ ಗಲ್ಲಿಯ ಕೊಲೆಯ ಆ ಎರಡು ಪುಟಗಳನ್ನು ಮತ್ತೆ ಅಚ್ಚು ಹಾಕಿದರು. ಅಪ್ಪ ಬಿದ್ದ, ಅಮ್ಮ ಬಿದ್ದಳು, ಹುಡುಗ ಅತ್ತ. ಅದೇ ಪುಸ್ತಕದಲ್ಲಿ ಇನ್ನಷ್ಟು ಪುಟ ಮಗುಚಿದರೆ ಹ್ಯೂಗೊ ಸ್ಟ್ರೇಂಜ್ ಎಂಬ ಪ್ರೊಫೆಸರ್ ಮನುಷ್ಯರಿಗೆ ಔಷಧಿ ಚುಚ್ಚಿ ದೈತ್ಯರನ್ನಾಗಿ ಮಾಡಿ ಲಾರಿಯಲ್ಲಿ ಕಳಿಸುವ ಕಥೆಯಿದೆ. ಬ್ಯಾಟ್‌ಮ್ಯಾನ್ ವಿಮಾನದಲ್ಲಿ ಬರುತ್ತಾನೆ. ಲಾರಿಯ ಮೇಲೆ ಮೆಷಿನ್‌ಗನ್ ಹಾರಿಸುತ್ತಾನೆ. ಒಬ್ಬ ದೈತ್ಯನ ಕೊರಳಿಗೆ ಹಗ್ಗ ಬೀಳಿಸಿ ವಿಮಾನದಿಂದ ನೇತುಹಾಕುತ್ತಾನೆ. ಜೀವ ತೆಗೆಯಲು ನನಗೂ ಇಷ್ಟವಿಲ್ಲ, ಈ ಸಲ ಅನಿವಾರ್ಯ ಎಂಬ ಅರ್ಥದ ಒಂದು ವಿಷಾದವನ್ನು ಮಾತ್ರ ಮರೆಯದೆ ಸೂಚಿಸುತ್ತಾನೆ. ಗುಂಡಿನ ಸದ್ದು ಕೇಳಿದರೆ ಬೆವರುವ ಬಾಲಕ ಆ ಪುಸ್ತಕದ ಒಂದು ಕಡೆ ಇದ್ದಾನೆ, ಟ್ರಿಗರ್ ಒತ್ತಿ ಹಿಡಿದ ಗಂಡಸು ಇನ್ನೊಂದು ಕಡೆ ಇದ್ದಾನೆ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ.

ಪರಿಚಯ ಮಾಡಿಸಿದವರು ವಿಟ್ನಿ ಎಲ್ಸ್‌ವರ್ತ್ ಎಂಬ ಸಂಪಾದಕರು. ಬಂದೂಕು ಹಿಡಿಸಿದ್ದಕ್ಕೆ ಕಥೆಗಾರ ಬಿಲ್ ಫಿಂಗರ್‌ನನ್ನು ಕರೆದು ತರಾಟೆಗೆ ತೆಗೆದುಕೊಂಡರು. ಇನ್ನು ಮುಂದೆ ಬಂದೂಕಿಲ್ಲ, ಕೊಲೆಯಿಲ್ಲ ಎಂದು ಅಪ್ಪಣೆಯಾಯಿತು. ಓದುವವರು ಮಕ್ಕಳು, ಕೊಡಿಸುವವರು ಅಪ್ಪ ಅಮ್ಮಂದಿರು. ಕಥೆಯೊಳಗಿನ ಅಪ್ಪ ಅಮ್ಮಂದಿರನ್ನು ಧಾರಾಳವಾಗಿ ಸಾಯಿಸಬಹುದು, ಕಾಸು ಕೊಡುವವರನ್ನು ಗಾಬರಿಪಡಿಸುವಂತಿಲ್ಲ. ಹೀಗೆ ಜಗತ್ತಿನ ಅತ್ಯಂತ ಪ್ರಸಿದ್ಧ ಮಾನಸಿಕ ಗಾಯ ಮೊದಲು ಆಫೀಸ್ ಆರ್ಡರ್ ಆಗಿ ಹೊರಟಿತು. ಅದನ್ನು ಗಲ್ಲಿಯ ರಾತ್ರಿಗೆ ಕಟ್ಟಿಹಾಕುವ ಕೆಲಸವನ್ನು ಮುಂದಿನ ಕಥೆಗಾರರು ನಿಧಾನವಾಗಿ, ದಶಕಗಳ ಕಾಲ, ಬಹಳ ಭಾವುಕವಾಗಿ ಮಾಡಿದರು. 2005ರ ಬ್ಯಾಟ್‌ಮ್ಯಾನ್ ಬಿಗಿನ್ಸ್ ಚಿತ್ರದಲ್ಲಿ ಯುವಕ ಬ್ರೂಸ್ ಕೊಲೆಗಾರನನ್ನು ಮುಗಿಸಲು ಪಿಸ್ತೂಲು ಅಡಗಿಸಿಕೊಂಡು ಕೋರ್ಟಿಗೆ ಹೋಗುತ್ತಾನೆ, ಬೇರೆ ಯಾರೋ ಮೊದಲೇ ಕೊಂದುಬಿಡುತ್ತಾರೆ, ಕೊನೆಗೆ ಆ ಪಿಸ್ತೂಲನ್ನು ನೀರಿಗೆ ಎಸೆಯುತ್ತಾನೆ. ನೋಡುವವರ ಕಣ್ಣು ತೇವವಾಗುತ್ತದೆ. ಎಲ್ಸ್‌ವರ್ತ್ ಅವರ ಸುತ್ತೋಲೆಗೆ ಆರೂವರೆ ದಶಕದ ಮೇಲೆ ಒಂದು ಆತ್ಮ ಸಿಕ್ಕಿತು.

ಇದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಮನುಷ್ಯರೂ ಹೀಗೇ ಮಾಡುತ್ತಾರೆ. ಮೊದಲು ಒಂದು ಚಾಳಿ ಹಿಡಿಯುತ್ತದೆ, ಆಮೇಲೆ ಅದಕ್ಕೆ ಬಾಲ್ಯದಲ್ಲಿ ಒಂದು ಕಾರಣ ಹುಡುಕುತ್ತೇವೆ. ಕಾಮಿಕ್ಸಿನಲ್ಲಿ ಅದಕ್ಕೆ ಸಂಚಿಕೆಯ ನಂಬರೂ ತಾರೀಖೂ ಇರುತ್ತವೆ, ಹಾಗಾಗಿ ಸಿಕ್ಕಿಬೀಳುತ್ತಾರೆ.

ಕೊಲೆಗಾರನ ಫೈಲನ್ನೇ ತೆಗೆದುಕೊಳ್ಳಿ. 1948ರಲ್ಲಿ ಬ್ಯಾಟ್‌ಮ್ಯಾನ್ 47ನೇ ಸಂಚಿಕೆಯಲ್ಲಿ ಅವನಿಗೆ ಜೋ ಚಿಲ್ ಎಂದು ನಾಮಕರಣವಾಯಿತು. ಬ್ಯಾಟ್‌ಮ್ಯಾನ್ ಅವನೆದುರು ಹೋಗಿ ಮುಖವಾಡ ತೆಗೆದು, ನೀನು ಅನಾಥನನ್ನಾಗಿ ಮಾಡಿದ ಹುಡುಗ ನಾನೇ ಎನ್ನುತ್ತಾನೆ. ಹೆದರಿದ ಚಿಲ್ ತನ್ನ ಜೊತೆಗಾರ ರೌಡಿಗಳ ಬಳಿ ಓಡಿ, ನಾನು ಅವನ ಅಪ್ಪನನ್ನು ಕೊಂದದ್ದರಿಂದಲೇ ಅವನು ಬ್ಯಾಟ್‌ಮ್ಯಾನ್ ಆದನಂತೆ, ಕಾಪಾಡಿ ಎನ್ನುತ್ತಾನೆ. ರೌಡಿಗಳು ಒಂದು ಕ್ಷಣ ಯೋಚಿಸುತ್ತಾರೆ. ವರ್ಷಗಟ್ಟಲೆ ನಾವು ತಿಂದ ಒದೆಗೆಲ್ಲ ಮೂಲ ಈ ಬಡ್ಡೀಮಗನೇ ಎಂದು ಹೊಳೆಯುತ್ತದೆ. ಅಲ್ಲೇ ಗುಂಡಿಕ್ಕುತ್ತಾರೆ. ಇಕ್ಕಿದ ಮೇಲೆ, ಅಯ್ಯೋ, ಬ್ಯಾಟ್‌ಮ್ಯಾನ್ ಯಾರು ಎಂದು ಕೇಳುವುದನ್ನೇ ಮರೆತೆವಲ್ಲ ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಮೂಲಕಥೆ ಎಂಬ ಇಡೀ ಸಂಪ್ರದಾಯದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಯಾವ ಪ್ರಾಧ್ಯಾಪಕರೂ ಬರೆದಿಲ್ಲ. ಬರೆದವನು ಅದೇ ಬಿಲ್ ಫಿಂಗರ್.

ಸರಿ, ಕೊಂದವನು ಸತ್ತ. ಸೇಡು ತೀರಿತು. ದುಃಖದಿಂದ ವೇಷ ತೊಟ್ಟವನು ಈಗ ವೇಷ ಕಳಚಬೇಕಲ್ಲವೇ? ಅವನು ಮರುದಿನ ರಾತ್ರಿ ಎಂದಿನಂತೆ ಡ್ಯೂಟಿಗೆ ಹಾಜರಾದ. 1956ರಲ್ಲಿ ಫೈಲು ಮತ್ತೆ ತೆರೆಯಿತು. ಚಿಲ್ ಬರೀ ಬಾಡಿಗೆ ಬಂಟ, ಕೊಲ್ಲಿಸಿದವನು ಲ್ಯೂ ಮಾಕ್ಸನ್ ಎಂಬ ದೊಡ್ಡ ಕುಳ ಎಂದಾಯಿತು. ಜೊತೆಗೆ ಬ್ರೂಸ್‌ನ ಅಪ್ಪನೇ ಹಿಂದೊಮ್ಮೆ ಛದ್ಮವೇಷದ ಕೂಟಕ್ಕೆ ಬಾವಲಿಯ ವೇಷದಲ್ಲಿ ಹೋಗಿದ್ದ ಎಂಬ ಸುದ್ದಿಯೂ ಸೇರಿತು. ಕಿಟಕಿಯಲ್ಲಿ ಹಾರಿ ಬಂದ ಬಡಪಾಯಿ ಬಾವಲಿಯ ಕೊಡುಗೆ ಅಲ್ಲಿಗೆ ಅರ್ಧವಾಯಿತು. 1969ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಹುಡುಗನನ್ನು ಸಾಕಿದ ಮನೆಗೆಲಸದ ಶ್ರೀಮತಿ ಚಿಲ್ಟನ್ ಬೇರೆ ಯಾರೂ ಅಲ್ಲ, ಕೊಲೆಗಾರ ಜೋ ಚಿಲ್‌ನ ಹೆತ್ತ ತಾಯಿ! ನಮ್ಮ ಸಂಜೆಯ ಧಾರಾವಾಹಿಗಳನ್ನು ಹೀಯಾಳಿಸುವ ಕಾಮಿಕ್ಸ್ ಪಂಡಿತರು ಈ ಸಂಚಿಕೆಯನ್ನು ಮರೆತಿರುತ್ತಾರೆ. ಬಟ್ಲರ್ ಆಲ್ಫ್ರೆಡ್ ಸಾಕಲಿಲ್ಲವೇ ಎಂದು ನೀವು ಕೇಳಬಹುದು. ಆಲ್ಫ್ರೆಡ್ ಆ ಮನೆಗೆ ಕೆಲಸಕ್ಕೆ ಸೇರಿದ್ದೇ 1943ರಲ್ಲಿ, ಆಗ ಬ್ರೂಸ್‌ಗೆ ಗಡ್ಡ ಬೋಳಿಸುವ ವಯಸ್ಸು. ಹುಟ್ಟಿದಂದಿನಿಂದ ಎತ್ತಿ ಆಡಿಸಿದ ಆಲ್ಫ್ರೆಡ್ ಬಹಳ ಕಾಲದ ನಂತರದ ತಿದ್ದುಪಡಿ. 1994ರಲ್ಲಿ ಕೊಲೆಗಾರ ಯಾರೆಂದೇ ಬ್ರೂಸ್‌ಗೆ ಗೊತ್ತಾಗಲಿಲ್ಲ ಎಂದು ಬದಲಾಯಿಸಿದರು. 2006ರಲ್ಲಿ ಜೋ ಚಿಲ್ ಮತ್ತೆ ಹುದ್ದೆಗೆ ಮರಳಿದ.

ಪ್ರತಿ ಸಲವೂ ಬದಲಾದದ್ದು ಹಿಂದಿನ ಕಾಲ. ರಾತ್ರಿ ಮಾಳಿಗೆಯ ಮೇಲೆ ಜಿಗಿಯುವುದು ಒಂದು ತಿಂಗಳೂ ನಿಲ್ಲಲಿಲ್ಲ. ಕೊಂದವನು ಯಾರೇ ಆಗಲಿ, ಸಿಗಲಿ ಬಿಡಲಿ, ಸಾಕಿದವರು ಯಾರೇ ಇರಲಿ, ನಾಯಕನ ದಿನಚರಿಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಬೇರು ಐದು ಸಲ ಬದಲಾದರೂ ಮರ ಅಲ್ಲಾಡದಿದ್ದರೆ, ಅದು ಬೇರೇ ಹೌದೇ?

ಸಿನಿಮಾದವರ ಕಷ್ಟ ಬೇರೆ. ಅವರಿಗೆ ಎರಡು ಗಂಟೆಯಲ್ಲಿ ಲೆಕ್ಕ ಚುಕ್ತಾ ಆಗಬೇಕು. ಹಾಗಾಗಿ 1989ರಲ್ಲಿ ಟಿಮ್ ಬರ್ಟನ್ ಚಿತ್ರ ಮಾಡಿದಾಗ ಗಲ್ಲಿಯಲ್ಲಿ ಗುಂಡು ಹಾರಿಸಿದವನೇ ಮುಂದೆ ಜೋಕರ್ ಆದ. ಕೊನೆಯ ರೀಲಿನಲ್ಲಿ ಜೋಕರ್ ಗೋಪುರದಿಂದ ಬಿದ್ದು ಸತ್ತರೆ ಅಪ್ಪ ಅಮ್ಮನ ತಿಥಿಯೂ ಮುಗಿದಂತೆ, ಟಿಕೆಟಿನ ದುಡ್ಡೂ ವಸೂಲಾದಂತೆ. ತಿಂಗಳ ಪತ್ರಿಕೆಗೆ ಮುಗಿಯದ ದುಃಖ ಬೇಕು, ಸಿನಿಮಾಕ್ಕೆ ಮುಗಿಯುವ ದುಃಖ ಬೇಕು.

ಇದೆಲ್ಲ ಬ್ಯಾಟ್‌ಮ್ಯಾನ್ ಒಬ್ಬನ ಹಣೆಬರಹ ಎಂದುಕೊಳ್ಳುವವರು ಫ್ಲ್ಯಾಶ್‌ನ ಕಡೆ ನೋಡಬೇಕು. ಬ್ಯಾರಿ ಆಲನ್ 1956ರಲ್ಲಿ ಹುಟ್ಟಿದವನು. ಪೊಲೀಸ್ ಇಲಾಖೆಯ ಪ್ರಯೋಗಾಲಯದಲ್ಲಿ ನೌಕರಿ. ಒಂದು ರಾತ್ರಿ ಸಿಡಿಲು ಬಡಿದು ಕಪಾಟಿನ ರಾಸಾಯನಿಕಗಳು ಮೈಮೇಲೆ ಚೆಲ್ಲಿ ಮಿಂಚಿನ ವೇಗ ಬಂತು. ಹೋಟೆಲಿನಲ್ಲಿ ಪರಿಚಾರಿಕೆಯ ಕೈಯಿಂದ ಜಾರಿದ ತಿಂಡಿಯನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದಾಗ ಅವನಿಗೆ ಅದು ತಿಳಿಯಿತು. ಸೂಪರ್‌ಹೀರೋ ಯಾಕಾದ? ಅವನು ಹಳೆಯ ಫ್ಲ್ಯಾಶ್ ಕಾಮಿಕ್ಸಿನ ಅಭಿಮಾನಿ, ಆ ನಾಯಕನ ಹಾಗೆ ನಾಲ್ಕು ಜನಕ್ಕೆ ಉಪಕಾರ ಮಾಡೋಣ ಎನಿಸಿತು, ಅಷ್ಟೇ. ಅಪ್ಪ ಅಮ್ಮ ಇಬ್ಬರೂ ಬದುಕಿದ್ದರು. ನನ್ನ ಪ್ರಕಾರ ಇಡೀ ಕಾಮಿಕ್ಸ್ ಚರಿತ್ರೆಯಲ್ಲಿ ಇದಕ್ಕಿಂತ ಆರೋಗ್ಯವಂತ ಕಾರಣ ಇನ್ನೊಂದಿಲ್ಲ. ಒಳ್ಳೆಯದನ್ನು ಮಾಡಲು ಮನೆಯಲ್ಲಿ ಹೆಣ ಬೀಳಬೇಕಾಗಿಲ್ಲ, ಒಂದು ಒಳ್ಳೆಯ ಪುಸ್ತಕ ಓದಿದರೂ ಸಾಕು ಎಂದು ನಂಬಿದ್ದ ಮನುಷ್ಯ.

ಇಂಥವನನ್ನು ಹಾಗೇ ಬಿಟ್ಟಾರೆಯೇ? 1985ರಲ್ಲಿ ಅವನನ್ನು ಸಾಯಿಸಿದರು. 2008ರಲ್ಲಿ ಬದುಕಿಸಿದರು. ಹೊಸ ಕಾಲದ ಓದುಗರಿಗೆ ಸುಖವಾಗಿರುವ ನಾಯಕ ಹಗುರ ಎನಿಸುತ್ತಾನಂತೆ. ಹಾಗಾಗಿ 2009ರಲ್ಲಿ ಜೆಫ್ ಜಾನ್ಸ್ ಬರೆದ ಫ್ಲ್ಯಾಶ್: ರೀಬರ್ತ್ ಸರಣಿಯಲ್ಲಿ ಅವನ ತಾಯಿ ನೋರಾಳನ್ನು, ಅವನ ಬಾಲ್ಯದಲ್ಲಿ, ಕೊಲ್ಲಿಸಿದರು. ಅಪ್ಪನ ಮೇಲೆ ಅಪವಾದ ಬಂದು ಜೈಲಾಯಿತು. ಕೊಂದವನು ಇಯೊಬಾರ್ಡ್ ಥಾನ್ ಎಂಬ ಭವಿಷ್ಯದ ಖಳ. ಹೇಗೆ ಕೊಂದ? ಕಾಲದಲ್ಲಿ ಹಿಂದಕ್ಕೆ ಓಡಿ ಹೋಗಿ! ಹಿಂದಿನ ತಾರೀಖು ಹಾಕುವ ಕೆಲಸವನ್ನು ಅಲ್ಲಿಯವರೆಗೆ ಸಂಪಾದಕರು ಮರೆಯಲ್ಲಿ ಮಾಡುತ್ತಿದ್ದರು. ಈ ಸಲ ಕಥೆಯ ಖಳನಿಗೇ ಅದನ್ನು ವಹಿಸಿಕೊಟ್ಟರು. ಸಾಯುವವರೆಗೆ ಸುಮಾರು ಮೂವತ್ತು ವರ್ಷ ಸುಖವಾಗಿ ಓಡುತ್ತಿದ್ದವನು ಈಗ ಸುರುವಿನಿಂದಲೂ ಅತ್ತುಕೊಂಡೇ ಓಡುತ್ತಿದ್ದ ಎಂದಾಯಿತು. ಮುಂದೆ ಬಂದ ಟಿವಿ ಧಾರಾವಾಹಿಗೂ ಸಿನಿಮಾಕ್ಕೂ ಈ ಹೊಸ ಹಳೆಯ ದುಃಖವೇ ಬುನಾದಿ. ಹುಟ್ಟಾ ಖುಷಿಯಾಗಿದ್ದ ಬ್ಯಾರಿಯನ್ನು ಈಗ ಯಾರೂ ನೆನೆಯುವುದಿಲ್ಲ.

ಆದರೆ ಜಾನ್ಸ್ ಎರಡು ವರ್ಷ ಬಿಟ್ಟು, 2011ರಲ್ಲಿ, ಫ್ಲ್ಯಾಶ್‌ಪಾಯಿಂಟ್ ಎಂಬ ಇನ್ನೊಂದು ಕಥೆ ಬರೆದರು. ನನಗೆ ಅದರ ಮೇಲೆ ಸ್ವಲ್ಪ ಗೌರವವಿದೆ. ಬ್ಯಾರಿ ತಾನೂ ಹಿಂದಕ್ಕೆ ಓಡಿ ಅಮ್ಮನನ್ನು ಉಳಿಸಿಕೊಳ್ಳುತ್ತಾನೆ. ಅದರಿಂದ ಜಗತ್ತೇ ಬುಡಮೇಲಾಗುತ್ತದೆ. ಬುಡಮೇಲಾದ ಆ ಜಗತ್ತಿನಲ್ಲಿ ಗಾಥಮ್‌ನ ಗಲ್ಲಿಯೂ ಇದೆ, ದರೋಡೆಕೋರನೂ ಇದ್ದಾನೆ, ಗುಂಡೂ ಹಾರುತ್ತದೆ. ಆದರೆ ಸಾಯುವವನು ಹುಡುಗ ಬ್ರೂಸ್. ಉಳಿಯುವವರು ಅಪ್ಪ ಅಮ್ಮ. ಮಗನನ್ನು ಕಳೆದುಕೊಂಡ ಅಪ್ಪ ಥಾಮಸ್ ಬ್ಯಾಟ್‌ಮ್ಯಾನ್ ಆಗುತ್ತಾನೆ, ಹಗಲು ಕ್ಯಾಸಿನೊ ನಡೆಸುತ್ತಾನೆ, ರಾತ್ರಿ ಬಂದೂಕು ಹಿಡಿದು ಎಗ್ಗಿಲ್ಲದೆ ಕೊಲ್ಲುತ್ತಾನೆ. ಅಮ್ಮ ಮಾರ್ಥಾ ಬುದ್ಧಿ ಕೆಟ್ಟು ಜೋಕರ್ ಆಗುತ್ತಾಳೆ. ಗಲ್ಲಿ ಒಂದೇ, ರಾತ್ರಿ ಒಂದೇ, ಕೊಲೆಗಾರನೂ ಬೇರೆಯಲ್ಲ. ಒಬ್ಬ ಬಂದೂಕನ್ನು ದ್ವೇಷಿಸುತ್ತಾನೆ, ಇನ್ನೊಬ್ಬ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ, ಮತ್ತೊಬ್ಬಳು ನಗಲು ಸುರುಮಾಡುತ್ತಾಳೆ. ನೋವು ಆಯ್ಕೆಯನ್ನು ಹೇಳಿಕೊಡುವುದಿಲ್ಲ ಎಂದು ನೋವು ಮಾರುವ ಕಂಪನಿಯೇ ಅಚ್ಚು ಹಾಕಿ ಒಪ್ಪಿಕೊಂಡ ಅಪರೂಪದ ಕ್ಷಣ ಇದು. ಒಪ್ಪಿಕೊಂಡು ಆ ಜಗತ್ತನ್ನು ತಕ್ಷಣ ಅಳಿಸಿಹಾಕಿತು. ಬ್ಯಾರಿ ಹೋಗಿ ಅಮ್ಮನನ್ನು ಸಾಯಲು ಬಿಟ್ಟು ಬಂದ, ವ್ಯಾಪಾರ ಎಂದಿನಂತೆ ನಡೆಯಿತು.

ಇಷ್ಟೆಲ್ಲ ಕುಟುಕಿದ ಮೇಲೆ ಒಬ್ಬನಿಗೆ ವಿನಾಯಿತಿ ಕೊಡಲೇಬೇಕು. ಅವನು ಪೀಟರ್ ಪಾರ್ಕರ್. 1962ರ ಆಗಸ್ಟಿನಲ್ಲಿ, ನಿಂತುಹೋಗುತ್ತಿದ್ದ ಅಮೇಜಿಂಗ್ ಫ್ಯಾಂಟಸಿ ಎಂಬ ಪತ್ರಿಕೆಯ ಕೊನೆಯ ಸಂಚಿಕೆಯಲ್ಲಿ, ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಹನ್ನೊಂದು ಪುಟದಲ್ಲಿ ಸ್ಪೈಡರ್‌ಮ್ಯಾನ್‌ನನ್ನು ಮುಗಿಸಿಕೊಟ್ಟರು. ಜೇಡ ಕಚ್ಚಿ ಶಕ್ತಿ ಬಂದ ಹುಡುಗ ಮೊದಲು ಮಾಡಿದ್ದೇನು? ಟಿವಿಯಲ್ಲಿ ಕಾಣಿಸಿಕೊಂಡು ದುಡ್ಡು ಸಂಪಾದಿಸಲು ಹೊರಟ. ಎಂಥ ಸಹಜ ಮನುಷ್ಯ! ಸ್ಟುಡಿಯೋದಲ್ಲಿ ಒಬ್ಬ ಕಳ್ಳ ಅವನ ಪಕ್ಕದಿಂದಲೇ ಓಡಿದ. ಹಿಂದೆ ಬಂದ ಪೊಲೀಸು, ಒಂದು ಕಾಲು ಅಡ್ಡ ಹಾಕಿದ್ದರೆ ಸಾಕಿತ್ತಲ್ಲಯ್ಯ ಎಂದು ಬೈದ. ನನಗೇನಾಗಬೇಕು ಎಂದು ಹುಡುಗ ಹೆಗಲು ಹಾರಿಸಿದ. ಕೆಲವು ದಿನಗಳಲ್ಲಿ ಸಾಕುತ್ತಿದ್ದ ದೊಡ್ಡಪ್ಪ ಬೆನ್‌ನ ಕೊಲೆಯಾಯಿತು. ಕೊಲೆಗಾರನನ್ನು ಬೆನ್ನಟ್ಟಿ ಗೋದಾಮಿನಲ್ಲಿ ಹಿಡಿದು ಮುಖ ನೋಡಿದರೆ, ಅದೇ ಕಳ್ಳ.

ಬ್ರೂಸ್‌ನ ಗಲ್ಲಿಗೂ ಪೀಟರ್‌ನ ಕಾರಿಡಾರಿಗೂ ಇರುವ ಅಂತರ ಇಲ್ಲಿದೆ. ಬ್ರೂಸ್ ನಿಂತು ನೋಡಿದ ಅಷ್ಟೆ, ಅವನ ಮುಂದೆ ಯಾವ ಆಯ್ಕೆಯೂ ಇರಲಿಲ್ಲ. ಆ ಸಾವಿನಿಂದ ಏನನ್ನು ಬೇಕಾದರೂ ಹೊರತೆಗೆಯಬಹುದು, ತೆಗೆದಿದ್ದಾರೆ. ಪೀಟರ್‌ನ ನಷ್ಟದೊಳಗೆ ಅವನದೇ ಒಂದು ತೀರ್ಮಾನ ಕೂತಿದೆ. ಕಾಲು ಅಡ್ಡ ಹಾಕದಿದ್ದದ್ದು ಅವನು. ಅದನ್ನು ಕೊಲೆಗಾರ ಸಿಕ್ಕರೂ ತೀರಿಸಲಾಗದು, ಸತ್ತರೂ ತೀರಿಸಲಾಗದು. ಕೊಲೆಗಾರನಿಗೊಬ್ಬ ದೊಡ್ಡ ಯಜಮಾನನನ್ನು ಹುಟ್ಟಿಸಿ ಫೈಲು ಉದ್ದ ಮಾಡುವ ಅಗತ್ಯವೂ ಇಲ್ಲ.

ಅದರಿಂದ ಅವನು ಮುಂದೆ ಮಾಡುವುದಕ್ಕೆ ನಿಜವಾಗಿಯೂ ಅಲ್ಲೊಂದು ಕಾರಣವಿದೆ. 1963ರಲ್ಲಿ ಅವನ ಸ್ವಂತ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಮನೆಬಾಡಿಗೆಗೆ ದುಡ್ಡಿಲ್ಲ. ದೊಡ್ಡಮ್ಮ ಮೇ ಬದುಕಿದ್ದಾಳೆ, ಅವಳನ್ನು ಸಾಕಬೇಕು, ಗುಟ್ಟೂ ಬಿಡುವಂತಿಲ್ಲ. ವೇಷದಲ್ಲಿ ಆಡಿ ತೋರಿಸಿ ಚೆಕ್ ಪಡೆದು ಬ್ಯಾಂಕಿಗೆ ಹೋದರೆ, ಸ್ಪೈಡರ್‌ಮ್ಯಾನ್ ಎಂಬ ಹೆಸರಿನ ಚೆಕ್ಕಿಗೆ ಗುರುತಿನ ದಾಖಲೆ ಎಲ್ಲಿ ಎಂದು ವಾಪಸ್ ಕಳಿಸುತ್ತಾರೆ. ಗೋಡೆ ಹತ್ತಬಲ್ಲ, ಕೌಂಟರ್ ದಾಟಲಾರ. ಫೆಂಟಾಸ್ಟಿಕ್ ಫೋರ್ ತಂಡ ಸೇರೋಣವೆಂದು ಹೋದರೆ ಅಲ್ಲಿ ಸಂಬಳವಿಲ್ಲ. 1967ರಲ್ಲಿ, 50ನೇ ಸಂಚಿಕೆಯಲ್ಲಿ, ಸಾಕಾಗಿ ವೇಷವನ್ನು ಕಸದ ತೊಟ್ಟಿಗೆ ತುರುಕಿ ಮನೆಗೆ ನಡೆಯುತ್ತಾನೆ. ಓದು ಸುಧಾರಿಸುತ್ತದೆ, ನಿದ್ದೆ ಬರುತ್ತದೆ. ಆಮೇಲೊಂದು ದಿನ ಕಳ್ಳರ ಕೈಗೆ ಸಿಕ್ಕ ಒಬ್ಬ ಮುದಿ ಕಾವಲುಗಾರನನ್ನು ಬಿಡಿಸುತ್ತಾನೆ. ಆ ಮುದುಕನ ಚಹರೆ ಬೆನ್ ದೊಡ್ಡಪ್ಪನದು. ಈ ಸಲ ಕಾಲು ಅಡ್ಡ ಹಾಕಿದ್ದೇನೆ ಎಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ, ಓದುಗನಿಗೂ ಹೇಳಬೇಕಾಗಿಲ್ಲ. ವೇಷ ವಾಪಸ್ ಬರುತ್ತದೆ. ಮೂಲಕಥೆಯೊಂದು ಮುಂದಿನ ಆಯ್ಕೆಯನ್ನು ಕೈಹಿಡಿದು ಎಳೆಯುವುದು ಎಂದರೆ ಹೀಗೆ.

ಈ ಮಾಲು ಗಟ್ಟಿ ಎಂದು ಪಕ್ಕದ ಅಂಗಡಿಯವರಿಗೂ ತಿಳಿದಿತ್ತು. 2005ರ ಬ್ಯಾಟ್‌ಮ್ಯಾನ್ ಬಿಗಿನ್ಸ್‌ಗೇ ಮತ್ತೆ ಬನ್ನಿ. ಅಲ್ಲಿ ಸಿನಿಮಾ ಬದಲು ಆಪೆರಾ. ವೇದಿಕೆಯ ಮೇಲಿನ ಬಾವಲಿಯಂಥ ಆಕೃತಿಗಳನ್ನು ಕಂಡು ಬಾಲಕ ಬ್ರೂಸ್ ಹೆದರಿ, ಹೋಗೋಣ ಎಂದು ಅಪ್ಪನನ್ನು ಜಗ್ಗುತ್ತಾನೆ. ಮುಗಿಯುವ ಮುನ್ನವೇ ಪಕ್ಕದ ಬಾಗಿಲಿನಿಂದ ಹೊರಬಂದದ್ದಕ್ಕೇ ಆ ಗಲ್ಲಿ, ಆ ಗುಂಡು. ನನ್ನಿಂದಲೇ ಸತ್ತರು ಎಂಬ ಕೊರಗು ಹುಡುಗನಿಗೆ ಬಂತು. 1939ರಲ್ಲಿ ಅವನಿಗೆ ಆ ಕೊರಗು ಇರಲಿಲ್ಲ. ಪೀಟರ್ ಪಾರ್ಕರ್‌ನ ಜೇಬಿನಿಂದ ಪಾಪಪ್ರಜ್ಞೆಯನ್ನು ಎತ್ತಿ ಬ್ರೂಸ್ ವೇಯ್ನ್‌ನ ಜೇಬಿಗೆ ಇಟ್ಟರು. ಅದೂ ಕೋಟ್ಯಧಿಪತಿಯ ಜೇಬಿಗೆ.

ಈ ಗದ್ದಲದಲ್ಲಿ ಸತ್ತವರನ್ನು ಯಾರೂ ವಿಚಾರಿಸಲಿಲ್ಲ. ಮಾರ್ಥಾ ವೇಯ್ನ್ 1939ರಲ್ಲಿ ಗುಂಡು ತಗುಲಿ ಸತ್ತಳು, 1948ರಲ್ಲಿ ಗಂಡ ಬಿದ್ದದ್ದನ್ನು ಕಂಡು ಎದೆ ನಿಂತು ಸತ್ತಳು, ಆಮೇಲೆ ಮತ್ತೆ ಗುಂಡಿಗೇ ಸತ್ತಳು. ಹೇಗೆ ಬದುಕಿದ್ದಳು ಎನ್ನುವುದಕ್ಕೆ ಅಷ್ಟು ಪುಟ ಖರ್ಚಾಗಲಿಲ್ಲ. ಅವಳ ಕುತ್ತಿಗೆಯ ಸರದ ಅದೃಷ್ಟ ಅವಳಿಗಿಲ್ಲ. 1986ರಲ್ಲಿ ಫ್ರ್ಯಾಂಕ್ ಮಿಲ್ಲರ್ ಆ ಮುತ್ತುಗಳನ್ನು ಒಂದೊಂದಾಗಿ ಗಾಳಿಯಲ್ಲಿ ಚೆದುರಿಸಿ ಚಿತ್ರಿಸಿದ ಮೇಲೆ, ತೆರೆಯ ಮೇಲೆ ಆ ಕೊಲೆ ಬಂದಾಗಲೆಲ್ಲ ಮುತ್ತು ಉರುಳುವುದು ವಾಡಿಕೆಯಾಯಿತು. ಮುತ್ತಿಗೆ ನಿಧಾನಗತಿಯ ಕ್ಲೋಸಪ್ ಇದೆ. ಹೆಂಗಸಿಗೆ ಒಂದು ಚೀತ್ಕಾರವಿದೆ.

ಇನ್ನೊಬ್ಬರನ್ನೂ ವಿಚಾರಿಸಲಿಲ್ಲ. ಆ ಎರಡು ಪುಟಗಳನ್ನು ಬರೆದದ್ದು ಬಿಲ್ ಫಿಂಗರ್ ಎಂದು ಈಗ ಸಾಮಾನ್ಯವಾಗಿ ಒಪ್ಪುತ್ತಾರೆ. 1940ರಲ್ಲಿ ಸರ್ಕಸ್ಸಿನ ಹಗ್ಗ ಕಡಿದು ರಾಬಿನ್‌ನ ಅಪ್ಪ ಅಮ್ಮನನ್ನು ಬೀಳಿಸಿದ ಕಥೆಯೂ, ಚಿಲ್‌ಗೆ ಹೆಸರಿಟ್ಟ ಕಥೆಯೂ, ಮಾಕ್ಸನ್‌ನನ್ನು ತಂದ ಕಥೆಯೂ ಅವನದೇ. ಆದರೆ ಚಿತ್ರಕಾರ ಬಾಬ್ ಕೇನ್ ಕಂಪನಿಯ ಜೊತೆ ಮಾಡಿಕೊಂಡ ಕರಾರಿನಂತೆ ಬ್ಯಾಟ್‌ಮ್ಯಾನ್‌ನ ಸೃಷ್ಟಿಕರ್ತ ಎಂದು ಅಚ್ಚಾಗುತ್ತಿದ್ದದ್ದು ಕೇನ್ ಒಬ್ಬನ ಹೆಸರು. ಫಿಂಗರ್ 1974ರಲ್ಲಿ ತೀರಿಕೊಂಡ. ಅವನಿಗೂ ಹೆಸರು ಸಲ್ಲಬೇಕಿತ್ತು ಎಂದು ಕೇನ್ ತನ್ನ ಆತ್ಮಕಥೆಯಲ್ಲಿ ಬರೆದದ್ದು 1989ರಲ್ಲಿ. ಕಂಪನಿ ಒಪ್ಪಿದ್ದು 2015ರಲ್ಲಿ, ಫಿಂಗರ್‌ನ ಮೊಮ್ಮಗಳೂ ಕೆಲವು ಹಟಮಾರಿ ಸಂಶೋಧಕರೂ ಬೆನ್ನು ಹತ್ತಿದ ಮೇಲೆ. ಆ ಹೆಸರು ಹೊತ್ತು ಬಂದ ಮೊದಲ ದೊಡ್ಡ ಬ್ಯಾಟ್‌ಮ್ಯಾನ್ ಚಿತ್ರ 2016ರದು, ಅದು ಸುರುವಾಗುವುದು ಮತ್ತೆ ಅದೇ ಗಲ್ಲಿಯಿಂದ, ಅದೇ ಮುತ್ತಿನಿಂದ. ಬ್ಯಾಟ್‌ಮ್ಯಾನ್‌ನ ಅಪ್ಪನನ್ನು ಕೊಂದವನ ಹೆಸರು ಒಂಬತ್ತು ವರ್ಷಕ್ಕೆ ಅಚ್ಚಾಗಿತ್ತು. ಬ್ಯಾಟ್‌ಮ್ಯಾನ್‌ನನ್ನೇ ಹುಟ್ಟಿಸಿದವನ ಹೆಸರಿಗೆ ಎಪ್ಪತ್ತಾರು ವರ್ಷ ಹಿಡಿಯಿತು, ಅದಕ್ಕೆ ಮಾತ್ರ ಯಾರೂ ಹಿಂದಿನ ತಾರೀಖು ಹಾಕಿಕೊಡಲಿಲ್ಲ.